ಒಳ್ಳೆಯ ಕೊಲೆಸ್ಟರಾಲ್ ನಿಜವಾಗಿ ಹೃದಯವನ್ನು ಕಾಯುತ್ತದೆಯೇ? ಜೀನ್ ಹಿಡಿದು ಕಾರಣ ಹುಡುಕುವ ಬಗೆ

ನನ್ನ ರಕ್ತಪರೀಕ್ಷೆಯ ವರದಿಯಲ್ಲಿ ಪ್ರತಿ ವರ್ಷವೂ ಒಂದು ಸಾಲು ದಪ್ಪ ಅಕ್ಷರದಲ್ಲಿ ಬರುತ್ತದೆ: ಎಚ್‌ಡಿಎಲ್ 34, ಇರಬೇಕಾದುದು 40ಕ್ಕಿಂತ ಹೆಚ್ಚು. ಎಚ್‌ಡಿಎಲ್ ಎಂದರೆ ‘ಒಳ್ಳೆಯ ಕೊಲೆಸ್ಟರಾಲ್’, ಅದು ಕಡಿಮೆಯಾದರೆ ಹೃದಯಕ್ಕೆ ಕೆಟ್ಟದ್ದು ಎಂಬ ಮಾತು ಈಗ ಮನೆಮಾತು. ಮಾತಿಗೆ ಆಧಾರವೂ ಇದೆ. ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಲ್ಲೆಲ್ಲ ಎಚ್‌ಡಿಎಲ್ ಹೆಚ್ಚಿದ್ದವರಿಗೆ ಹೃದಯಾಘಾತ ಕಡಿಮೆ. ಹಾಗಾದರೆ ಗುಳಿಗೆ ಕೊಟ್ಟು ಎಚ್‌ಡಿಎಲ್ ಏರಿಸಿದರೆ ಆಯಿತಲ್ಲ? ಟಾರ್ಸೆಟ್ರಾಪಿಬ್ ಎಂಬ ಔಷಧ ಹಾಗೆಯೇ ಮಾಡಿತು. ಎಚ್‌ಡಿಎಲ್ ಅನ್ನು ಸುಮಾರು ಶೇ 70ರಷ್ಟು ಏರಿಸಿತು. ಸುಮಾರು 15,000 ರೋಗಿಗಳ ಮೇಲಿನ ಪ್ರಯೋಗವನ್ನು 2006ರ ಡಿಸೆಂಬರ್‌ನಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಕಾರಣ, ಗುಳಿಗೆ ತೆಗೆದುಕೊಂಡವರಲ್ಲಿ ಸಾವು ಹೆಚ್ಚಾಗಿತ್ತು.

ಇಲ್ಲಿ ಎರಡು ಸಾಧ್ಯತೆಗಳಿವೆ. ಎಚ್‌ಡಿಎಲ್ ನಿಜಕ್ಕೂ ಕಾಯುತ್ತದೆ, ಆದರೆ ಆ ಔಷಧಕ್ಕೆ ಬೇರೆ ವಿಷಗುಣವಿತ್ತು ಎನ್ನುವುದು ಒಂದು. ಅದು ರಕ್ತದೊತ್ತಡವನ್ನು ಏರಿಸುತ್ತಿತ್ತು ಎಂಬುದು ನಿಜವೂ ಹೌದು. ಇನ್ನೊಂದು ಸಾಧ್ಯತೆ ಎಂದರೆ ಎಚ್‌ಡಿಎಲ್ ಕಾಯುವುದೇ ಇಲ್ಲ. ನಡೆದಾಡುವ, ಬೊಜ್ಜಿಲ್ಲದ, ಸಿಗರೇಟು ಸೇದದ, ಟ್ರೈಗ್ಲಿಸರೈಡ್ ಕಡಿಮೆಯಿರುವ ಜನರಲ್ಲಿ ಅದು ತಾನಾಗಿ ಹೆಚ್ಚಿರುತ್ತದೆ, ಅಷ್ಟೇ. ಕಾಯುವುದು ಆ ಉಳಿದ ಸಂಗತಿಗಳು, ಹೆಸರು ಮಾತ್ರ ಎಚ್‌ಡಿಎಲ್‌ಗೆ. ಇದನ್ನು ಬಿಡಿಸಲು ಇನ್ನೊಂದು ಔಷಧ ತಯಾರಾಗುವವರೆಗೆ ಕಾಯಬೇಕಿಲ್ಲ. ಹುಟ್ಟುವಾಗಲೇ ಎಚ್‌ಡಿಎಲ್ ಹೆಚ್ಚು ಪಡೆದು ಬಂದ ಜನರಿದ್ದಾರೆ. ಅವರನ್ನು ನೋಡಿದರೆ ಸಾಕು.

ಈ ವಿಧಾನಕ್ಕೆ ಮೆಂಡೆಲಿಯನ್ ರ‍್ಯಾಂಡಮೈಸೇಷನ್ ಎಂದು ಹೆಸರು. ನೆದರ್‌ಲೆಂಡ್ಸ್‌ನ ಮಾರ್ಟೈನ್ ಕಟಾನ್ 1986ರಲ್ಲಿ ವೈದ್ಯಕೀಯ ಪತ್ರಿಕೆಯೊಂದಕ್ಕೆ ಬರೆದ ಪುಟ್ಟ ಪತ್ರದಲ್ಲಿ ಇದರ ತಿರುಳು ಆಗಲೇ ಇತ್ತು. ಪ್ರತಿ ಜೀನಿನಲ್ಲೂ ತಂದೆಯ ಎರಡು ಪ್ರತಿಗಳಲ್ಲಿ ಒಂದು, ತಾಯಿಯ ಎರಡರಲ್ಲಿ ಒಂದು ಮಗುವಿಗೆ ಬರುತ್ತದೆ. ಯಾವುದು ಬರುತ್ತದೆ ಎನ್ನುವುದು ಚೀಟಿ ಎತ್ತಿದ ಹಾಗೆ. ಔಷಧ ಪ್ರಯೋಗದಲ್ಲಿ ಯಾರಿಗೆ ಗುಳಿಗೆ, ಯಾರಿಗೆ ಸಕ್ಕರೆ ಗುಳಿಗೆ ಎಂದು ಚೀಟಿ ಎತ್ತುತ್ತೇವಲ್ಲ, ಅದನ್ನೇ ಇಲ್ಲಿ ಗರ್ಭಕಟ್ಟುವ ಹೊತ್ತಿನಲ್ಲಿ ನಿಸರ್ಗ ಮಾಡಿಟ್ಟಿದೆ. ಆಮೇಲೆ ಬಂದ ರೋಗ ಹಿಂದಕ್ಕೆ ಹೋಗಿ ಜೀನನ್ನು ಬದಲಿಸುವಂತಿಲ್ಲ.

ಮೊದಲು ಪ್ರಶ್ನೆಯನ್ನು ಬಿಗಿಗೊಳಿಸಿ

‘ಕೊಲೆಸ್ಟರಾಲ್ ಕೆಟ್ಟದ್ದೇ?’ ಎಂಬ ಪ್ರಶ್ನೆಯಿಂದ ಕೆಲಸವಾಗುವುದಿಲ್ಲ. ಯಾವುದನ್ನು ಕಾರಣವೆಂದು ಶಂಕಿಸುತ್ತೀರಿ, ಯಾವ ಅಳತೆಯಲ್ಲಿ, ಯಾವ ರೋಗಕ್ಕೆ ಎನ್ನುವ ಮೂರೂ ಗೊತ್ತಿರಬೇಕು. ನಮ್ಮ ಪ್ರಶ್ನೆ ಇದು: ರಕ್ತದ ಎಚ್‌ಡಿಎಲ್ ಕೊಲೆಸ್ಟರಾಲ್ ಡೆಸಿಲೀಟರಿಗೆ 10 ಮಿಲಿಗ್ರಾಂ ಹೆಚ್ಚಿದ್ದರೆ ಹೃದಯಾಘಾತದ ಸಂಭವ ಎಷ್ಟು ಬದಲಾಗುತ್ತದೆ?

ಜೀನ್ ಆರಿಸುವುದು, ಮೊದಲ ಷರತ್ತು

ಆರಿಸಿದ ರೂಪಾಂತರವು, ಅಂದರೆ ಜೀನಿನಲ್ಲಿ ಕೆಲವರಿಗೆ ಮಾತ್ರ ಇರುವ ಬದಲಾವಣೆಯು, ಶಂಕಿತ ಕಾರಣವನ್ನು ನಿಜವಾಗಿ ಅಲುಗಾಡಿಸಬೇಕು. ಈ ವಿಧಾನ ನಿಂತಿರುವುದು ಮೂರು ಷರತ್ತುಗಳ ಮೇಲೆ; ಅವುಗಳಲ್ಲಿ ಅಂಕಿಅಂಶದಿಂದ ನೇರವಾಗಿ ಸಾಬೀತು ಮಾಡಬಹುದಾದದ್ದು ಇದೊಂದೇ.

ನಮ್ಮ ಉದಾಹರಣೆಗೆ ಎಲ್‌ಐಪಿಜಿ ಎಂಬ ಜೀನ್ ಇದೆ. ರಕ್ತನಾಳದ ಒಳಗೋಡೆಯಲ್ಲಿ ಎಚ್‌ಡಿಎಲ್ ಕಣಗಳ ಕೊಬ್ಬನ್ನು ಕತ್ತರಿಸುವ ಕಿಣ್ವವನ್ನು ಇದು ತಯಾರಿಸುತ್ತದೆ. ಕೆಲವರಲ್ಲಿ ಈ ಕಿಣ್ವದ 396ನೇ ಸ್ಥಾನದಲ್ಲಿ ಆಸ್ಪರಜಿನ್ ಎಂಬ ಅಮೈನೊ ಆಮ್ಲದ ಬದಲು ಸೆರಿನ್ ಎಂಬುದು ಇರುತ್ತದೆ. ಆಗ ಕತ್ತರಿ ಮೊಂಡಾಗುತ್ತದೆ, ಎಚ್‌ಡಿಎಲ್ ರಕ್ತದಲ್ಲಿ ಹೆಚ್ಚು ಉಳಿಯುತ್ತದೆ. ಬೆಂಜಮಿನ್ ವೊಯ್ಟ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 2.6ರಷ್ಟು ಕಂಡುಬಂದ ಈ ರೂಪವನ್ನು ಹೊತ್ತವರಿಗೆ ಎಚ್‌ಡಿಎಲ್ ಲೀಟರಿಗೆ 0.14 ಮಿಲಿಮೋಲ್ ಹೆಚ್ಚಿತ್ತು. ನಮ್ಮ ಲ್ಯಾಬ್ ಭಾಷೆಯಲ್ಲಿ ಸುಮಾರು 5.4 ಮಿಲಿಗ್ರಾಂ.

ಹೀಗೆ ಆರಿಸಿದ ರೂಪಾಂತರವೇ ನಮ್ಮ ಸಾಧನ; ಅದು ಗಟ್ಟಿಯೋ ಪೊಳ್ಳೋ ಎಂದು ನೋಡಲು ಎಫ್ ಅಂಕಿ ಎಂಬುದಿದೆ. ಒಂದೇ ರೂಪಾಂತರವಿದ್ದರೆ ಲೆಕ್ಕ ಸುಲಭ: ಪರಿಣಾಮವನ್ನು ಅದರ ಪ್ರಮಾಣ ದೋಷದಿಂದ ಭಾಗಿಸಿ, ವರ್ಗ ಮಾಡಿ. ಇಲ್ಲಿ ಅದು 50ರ ಆಸುಪಾಸು ಬರುತ್ತದೆ. 10ಕ್ಕಿಂತ ಕೆಳಗಿದ್ದರೆ ಎಚ್ಚರ ಎನ್ನುವುದು ರೂಢಿ. ಪೊಳ್ಳು ಸಾಧನ ಯಾವ ಕಡೆ ತಪ್ಪು ದಾರಿ ತೋರಿಸುತ್ತದೆ ಎನ್ನುವುದೂ ತಿಳಿದಿರಲಿ. ಜೀನ್, ಎಚ್‌ಡಿಎಲ್, ರೋಗ ಮೂರನ್ನೂ ಒಂದೇ ಗುಂಪಿನ ಜನರಲ್ಲಿ ಅಳೆದಿದ್ದರೆ ಉತ್ತರ ಹಳೆಯ ಗೊಂದಲದ ಸಂಬಂಧದತ್ತಲೇ ವಾಲುತ್ತದೆ. ಎಚ್‌ಡಿಎಲ್ ಒಂದು ಗುಂಪಿನಿಂದ, ರೋಗ ಇನ್ನೊಂದು ಗುಂಪಿನಿಂದ ಬಂದಿದ್ದರೆ ಉತ್ತರ ಶೂನ್ಯದತ್ತ ವಾಲುತ್ತದೆ. ಎರಡನೆಯ ಸಂದರ್ಭದಲ್ಲಿ ‘ಪರಿಣಾಮವಿಲ್ಲ’ ಎಂಬ ಉತ್ತರ ಬಂದರೆ ಅದು ಸತ್ಯವೋ ಸಾಧನದ ದೌರ್ಬಲ್ಯವೋ ಹೇಳಲಾಗದು.

ಎರಡನೆಯ ಷರತ್ತು: ಚೀಟಿ ನಿಜವಾಗಿ ಚೀಟಿಯೇ?

ಜೀನಿನ ರೂಪ ಮತ್ತು ರೋಗ ಎರಡಕ್ಕೂ ಸಾಮಾನ್ಯವಾದ ಬೇರೊಂದು ಕಾರಣ ಇರಬಾರದು. ಒಂದೇ ಮನೆಯ ಅಣ್ಣತಮ್ಮಂದಿರ ನಡುವೆ ಇದು ಹೆಚ್ಚುಕಡಿಮೆ ನಿಜ, ಏಕೆಂದರೆ ಚೀಟಿ ಎತ್ತಿದ್ದು ಒಂದೇ ಡಬ್ಬಿಯಿಂದ. ಇಡೀ ಜನಸಮುದಾಯಕ್ಕೆ ಬಂದಾಗ ಡಬ್ಬಿಗಳೇ ಬೇರೆ ಬೇರೆ.

ಭಾರತದ ಅಂಕಿಅಂಶಗಳಲ್ಲಿ ಈ ಷರತ್ತು ಬಹಳ ಬೇಗ ಮುರಿಯುತ್ತದೆ. ನಮ್ಮಲ್ಲಿ ಶತಮಾನಗಳಿಂದ ಮದುವೆ ಜಾತಿಯೊಳಗೇ ನಡೆದಿದೆ. ಹೀಗಾಗಿ ಒಂದು ರೂಪಾಂತರ ಒಂದು ಸಮುದಾಯದಲ್ಲಿ ಹೆಚ್ಚು, ಪಕ್ಕದ ಸಮುದಾಯದಲ್ಲಿ ಕಡಿಮೆ ಇರಬಹುದು. ಅದೇ ಸಮುದಾಯಗಳ ಊಟ, ದುಡಿಮೆ, ಆಸ್ತಿ, ಆಸ್ಪತ್ರೆಯ ದೂರ ಇವೂ ಬೇರೆ. ಎಲ್ಲರನ್ನೂ ಒಟ್ಟಿಗೆ ಸುರಿದು ಲೆಕ್ಕ ಹಾಕಿದರೆ ಊಟದ ಪರಿಣಾಮ ಜೀನಿನ ಪರಿಣಾಮದ ವೇಷ ಹಾಕಿ ಬರುತ್ತದೆ. ಮದ್ದು ಎಂದರೆ ಇಡೀ ಜೀನೋಮಿನಿಂದ ಪೂರ್ವಿಕರ ಗುರುತನ್ನು ಲೆಕ್ಕಕ್ಕೆ ತಂದು ಸರಿಪಡಿಸುವುದು, ಒಂದೇ ಪ್ರದೇಶದವರನ್ನು ತಮ್ಮತಮ್ಮಲ್ಲೇ ಹೋಲಿಸುವುದು, ಸಾಧ್ಯವಿದ್ದರೆ ಒಡಹುಟ್ಟಿದವರಲ್ಲೇ ಮತ್ತೆ ಪರೀಕ್ಷಿಸುವುದು.

ಷರತ್ತು ಮುರಿದಿದೆಯೇ ಎಂದು ಸಂಶಯ ಬಂದರೆ ಒಂದು ಸರಳ ಪಟ್ಟಿ ಮಾಡಿ. ರೂಪ ಇರುವವರು ಮತ್ತು ಇಲ್ಲದವರಲ್ಲಿ ವಯಸ್ಸು, ಧೂಮಪಾನ, ಓದು, ತೂಕ, ರಕ್ತದೊತ್ತಡ ಹೇಗಿವೆ? ಚೀಟಿ ನ್ಯಾಯವಾಗಿದ್ದರೆ ಎರಡೂ ಕಡೆ ಒಂದೇ ರೀತಿ ಇರುತ್ತವೆ. ಎಲ್‌ಐಪಿಜಿಯ ಸೆರಿನ್ ರೂಪದವರಲ್ಲಿ ಎಚ್‌ಡಿಎಲ್ ಬಿಟ್ಟರೆ ‘ಕೆಟ್ಟ ಕೊಲೆಸ್ಟರಾಲ್’ ಎನ್ನುವ ಎಲ್‌ಡಿಎಲ್, ಟ್ರೈಗ್ಲಿಸರೈಡ್ ಮೊದಲಾದ ಉಳಿದ ಅಪಾಯಕಾರಿ ಅಂಶಗಳೂ ಮಿಕ್ಕವರಂತೆಯೇ ಇದ್ದವು. ಇದನ್ನೇ ಆರಿಸಿಕೊಳ್ಳಲು ಕಾರಣ ಅದೇ.

ಮೂರನೆಯ ಷರತ್ತು: ಬೇರೆ ದಾರಿ ಇರಬಾರದು

ನಿದ್ದೆಗೆಡಿಸುವುದು ಇದು. ಜೀನ್ ರೋಗವನ್ನು ಮುಟ್ಟುವುದಾದರೆ ಶಂಕಿತ ಕಾರಣದ ಮೂಲಕವೇ ಮುಟ್ಟಬೇಕು, ಹಿತ್ತಲ ಬಾಗಿಲಿನಿಂದ ಅಲ್ಲ. ಆದರೆ ಜೀನ್‌ಗಳು ಒಂದೇ ಕೆಲಸಕ್ಕೆ ನಿಂತವಲ್ಲ. ಎಚ್‌ಡಿಎಲ್ ಏರಿಸುವ ಬಹಳಷ್ಟು ರೂಪಾಂತರಗಳು ಅದೇ ಹೊತ್ತಿಗೆ ಟ್ರೈಗ್ಲಿಸರೈಡನ್ನೋ ಎಲ್‌ಡಿಎಲನ್ನೋ ಇಳಿಸುತ್ತವೆ. ಅಂಥದನ್ನು ಬಳಸಿ ‘ಎಚ್‌ಡಿಎಲ್ ಕಾಯುತ್ತದೆ’ ಎಂದರೆ, ಕಾಯ್ದದ್ದು ಯಾವುದೆಂದು ಗೊತ್ತಾಗುವುದಿಲ್ಲ.

ಈ ಷರತ್ತನ್ನು ಪೂರ್ತಿ ಸಾಬೀತು ಮಾಡಲು ಆಗುವುದಿಲ್ಲ. ಆದರೆ ಸುಳ್ಳಾಗಿದ್ದರೆ ಸಿಕ್ಕಿಬೀಳುವಂಥ ಪರೀಕ್ಷೆ ಒಡ್ಡಬಹುದು. ನಾನು ನೋಡಿರುವುದರಲ್ಲಿ ಅತ್ಯಂತ ಜಾಣ ಪರೀಕ್ಷೆ ಎಚ್‌ಡಿಎಲ್ ಬಗ್ಗೆ ಅಲ್ಲ, ಮದ್ಯದ ಬಗ್ಗೆ. ‘ದಿನಕ್ಕೆ ಒಂದು ಪೆಗ್ ಒಳ್ಳೆಯದಂತೆ’ ಎನ್ನುವವರು ನಮ್ಮ ನೆಂಟರಲ್ಲೂ ಇದ್ದಾರಲ್ಲ, ಅವರಿಗೆ ಹೇಳಬೇಕಾದ ಕತೆ. ಚೀನಾದ ಕಡೂರಿ ಬಯೋಬ್ಯಾಂಕ್ 5 ಲಕ್ಷಕ್ಕೂ ಹೆಚ್ಚು ಜನರನ್ನು ಸುಮಾರು ಹತ್ತು ವರ್ಷ ಹಿಂಬಾಲಿಸಿತು. ಪೂರ್ವ ಏಷ್ಯಾದ ಅನೇಕರಲ್ಲಿ rs671 ಎಂಬ ರೂಪಾಂತರವಿದೆ. ಭಾರತದಲ್ಲಿ ಅದು ಅತಿ ವಿರಳ. ಅದಿದ್ದವರು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಹೊಟ್ಟೆ ತೊಳೆಸುತ್ತದೆ. ಸಹಜವಾಗಿ ಅವರು ಕುಡಿಯುವುದು ಕಡಿಮೆ.

2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಬಾಯಿಮಾತಿನ ಲೆಕ್ಕ ಹಿಡಿದರೆ ಗಂಡಸರಲ್ಲಿ ಸ್ವಲ್ಪ ಕುಡಿಯುವವರಿಗೆ ಕುಡಿಯದವರಿಗಿಂತ ಪಾರ್ಶ್ವವಾಯು ಕಡಿಮೆ ಎಂದೇ ಕಂಡಿತು. ಜೀನ್ ಹಿಡಿದು ನೋಡಿದಾಗ ಆ ಲಾಭ ಮಾಯವಾಗಿ, ಕುಡಿತ ಏರಿದಂತೆ ಪಾರ್ಶ್ವವಾಯುವೂ ಏರುತ್ತಲೇ ಹೋಯಿತು. ಕಾಯಿಲೆ ಬಿದ್ದು ಕುಡಿತ ಬಿಟ್ಟವರೂ ‘ಕುಡಿಯದವರು’ ಎಂಬ ಪಟ್ಟಿಗೆ ಸೇರಿಬಿಡುತ್ತಾರೆ. ಮೊದಲ ಲೆಕ್ಕ ಹಾಗೆ ಮೋಸಮಾಡಬಲ್ಲದು. ಈಗ ಪರೀಕ್ಷೆ. ಅಲ್ಲಿ ಹೆಚ್ಚಿನ ವಾರಗಳಲ್ಲಿ ಕುಡಿಯುವವರು ಗಂಡಸರಲ್ಲಿ ಮೂರನೇ ಒಂದು ಭಾಗ, ಹೆಂಗಸರಲ್ಲಿ ಶೇ 2 ಮಾತ್ರ. ಜೀನ್ ಹಿತ್ತಲ ಬಾಗಿಲಿನಿಂದ ರೋಗವನ್ನು ಮುಟ್ಟುತ್ತಿದ್ದರೆ ಹೆಂಗಸರಲ್ಲೂ ಮುಟ್ಟಬೇಕಿತ್ತು, ಏಕೆಂದರೆ ಜೀನ್ ಅವರಲ್ಲೂ ಅದೇ. ಅವರಲ್ಲಿ ರಕ್ತದೊತ್ತಡಕ್ಕೂ ಪಾರ್ಶ್ವವಾಯುವಿಗೂ ಆ ಜೀನಿನ ನಂಟೇ ಕಾಣಲಿಲ್ಲ. ಜೀನ್ ಇದೆ, ಮದ್ಯವಿಲ್ಲ, ರೋಗವೂ ಹೆಚ್ಚಿಲ್ಲ. ನಿಮ್ಮ ಪ್ರಶ್ನೆಯಲ್ಲೂ ಇಂಥ ಗುಂಪೊಂದು ಸಿಗುತ್ತದೆಯೇ ಎಂದು ಮೊದಲೇ ಹುಡುಕಿ. ಬಹಳ ಸಲ ಸಿಗುವುದಿಲ್ಲ. ಸಿಕ್ಕರೆ ಬೇರಾವ ಸಂಖ್ಯಾಶಾಸ್ತ್ರದ ಕಸರತ್ತಿಗಿಂತ ಅದು ಮೇಲು.

ಲೆಕ್ಕ

ಎರಡು ಅಂಕಿ ಬೇಕು: ಜೀನ್ ಎಚ್‌ಡಿಎಲ್ ಅನ್ನು ಎಷ್ಟು ಏರಿಸುತ್ತದೆ, ಜೀನ್ ಹೃದಯಾಘಾತದ ಸಂಭವವನ್ನು ಎಷ್ಟು ಬದಲಿಸುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಎಚ್‌ಡಿಎಲ್‌ನ ಪರಿಣಾಮ ಸಿಗುತ್ತದೆ. ಇದಕ್ಕೆ ವಾಲ್ಡ್ ಅನುಪಾತ ಎನ್ನುತ್ತಾರೆ.

ಆ 2012ರ ಅಧ್ಯಯನದಲ್ಲಿ ಹೃದಯಾಘಾತವಾದ 20,913 ಜನರನ್ನೂ ಆಗದ 95,407 ಜನರನ್ನೂ ಹೋಲಿಸಿದರು. ಆಡ್ಸ್ ಅನುಪಾತ ಎಂದರೆ ರೋಗದ ಸಂಭವವನ್ನು ಎರಡು ಗುಂಪುಗಳ ನಡುವೆ ಹೋಲಿಸುವ ಅಂಕಿ; 1 ಬಂದರೆ ವ್ಯತ್ಯಾಸವಿಲ್ಲ, ಅದಕ್ಕಿಂತ ಕಡಿಮೆ ಬಂದರೆ ಸಂಭವ ಕಡಿಮೆ. ಸೆರಿನ್ ರೂಪದವರ ಆಡ್ಸ್ ಅನುಪಾತ 0.99, ಶೇ 95ರ ವಿಶ್ವಾಸ ಮಿತಿ 0.88ರಿಂದ 1.11. ಆರ್ ಭಾಷೆಯಲ್ಲಿ:

```r
bx   <- 5.4
by   <- log(0.99)
se_y <- (log(1.11) - log(0.88)) / (2 * 1.96)
b    <- 10 * by / bx
se   <- 10 * se_y / bx
exp(c(b, b - 1.96 * se, b + 1.96 * se))
```

ಉತ್ತರ 0.98, ಮಿತಿ 0.79ರಿಂದ 1.22. ಅಂದರೆ ಎಚ್‌ಡಿಎಲ್ 10 ಮಿಲಿಗ್ರಾಂ ಏರಿದರೂ ಹೃದಯಾಘಾತದ ಸಂಭವ ಇದ್ದಲ್ಲೇ ಇದೆ. 10ರಿಂದ ಗುಣಿಸಿದ್ದು ನಮ್ಮ ಪ್ರಶ್ನೆಯ ಅಳತೆಗೆ ತರಲು. ಆಡ್ಸ್ ಅನುಪಾತವನ್ನು ಹಾಗೇ ಭಾಗಿಸಬಾರದು, ಲಾಗ್ ತೆಗೆದ ಮೇಲೆಯೇ ಭಾಗಿಸಬೇಕು. ಛೇದದ ದೋಷವನ್ನು ಇಲ್ಲಿ ಬಿಟ್ಟಿದ್ದೇನೆ. ಎಫ್ 50 ಇರುವಾಗ ಅದರಿಂದ ಹೆಚ್ಚೇನೂ ಕೆಡುವುದಿಲ್ಲ.

ಇದಿಷ್ಟೇ ಹೇಳಿ ನಿಲ್ಲಿಸಿದರೆ ಅರ್ಧ ಕೆಲಸ. ‘ಪರಿಣಾಮ ಕಾಣಲಿಲ್ಲ’ ಎನ್ನುವುದಕ್ಕೂ ‘ಪರಿಣಾಮವಿಲ್ಲ’ ಎನ್ನುವುದಕ್ಕೂ ವ್ಯತ್ಯಾಸವಿದೆ. ಆದ್ದರಿಂದ ಹಳೆಯ ಸಂಬಂಧ ನಿಜವಾಗಿದ್ದಿದ್ದರೆ ಏನು ಕಾಣಬೇಕಿತ್ತು ಎಂದು ಲೆಕ್ಕ ಹಾಕಿ ಪಕ್ಕದಲ್ಲಿಡಿ. ಹಿಂಬಾಲಿಸಿದ ಅಧ್ಯಯನಗಳ ಪ್ರಕಾರ 5.4 ಮಿಲಿಗ್ರಾಂ ಏರಿಕೆಗೆ ಆಡ್ಸ್ ಅನುಪಾತ 0.87 ಆಗಬೇಕಿತ್ತು, 10 ಮಿಲಿಗ್ರಾಂಗೆ ಸುಮಾರು 0.77. ನಮಗೆ ಸಿಕ್ಕ ಮಿತಿ 0.79ರಿಂದ ಶುರುವಾಗುತ್ತದೆ. 0.77 ಹೊರಗೆ ಬಿತ್ತು, ಆದರೆ ಕೂದಲೆಳೆಯಷ್ಟು. ಇಪ್ಪತ್ತು ಸಾವಿರ ರೋಗಿಗಳಿದ್ದೂ ಇಷ್ಟೇ ಬಿಗಿ ಸಿಕ್ಕಿತು ಎಂದರೆ, ಕೆಲವು ನೂರು ರೋಗಿಗಳನ್ನಿಟ್ಟುಕೊಂಡು ಈ ವಿಧಾನ ಬಳಸುವ ಪ್ರಬಂಧಗಳನ್ನು ಹೇಗೆ ಓದಬೇಕೆಂದು ನೀವೇ ಊಹಿಸಿ.

ಒಂದೇ ಜೀನಿನ ಸಾಕ್ಷಿ ಸಾಲದೆಂದು ಅವರು ಎಚ್‌ಡಿಎಲ್ ಅನ್ನು ಮಾತ್ರ ಬದಲಿಸುವ 14 ರೂಪಾಂತರಗಳನ್ನು ಕೂಡಿಸಿಯೂ ನೋಡಿದರು. ಎಚ್‌ಡಿಎಲ್ ಒಂದು ಪ್ರಮಾಣ ವಿಚಲನೆ ಏರಿದರೆ ಆಡ್ಸ್ ಅನುಪಾತ 0.93, ಮಿತಿ 0.68ರಿಂದ 1.26; ಹಳೆಯ ರೀತಿಯ ಅಧ್ಯಯನ ಹೇಳುತ್ತಿದ್ದುದು 0.62. ಜೊತೆಗೆ ಇದೇ ತಕ್ಕಡಿಯಲ್ಲಿ ಎಲ್‌ಡಿಎಲ್ ಅನ್ನೂ ತೂಗಿದರು. 13 ರೂಪಾಂತರಗಳ ಲೆಕ್ಕದಲ್ಲಿ ಅದರ ಆಡ್ಸ್ ಅನುಪಾತ 2.13 ಬಂತು. ಎಲ್‌ಡಿಎಲ್ ಇಳಿಸಿದರೆ ಹೃದಯಾಘಾತ ಇಳಿಯುತ್ತದೆ ಎಂದು ಔಷಧ ಪ್ರಯೋಗಗಳಿಂದ ಮೊದಲೇ ಗೊತ್ತಿತ್ತು. ಗೊತ್ತಿರುವ ತೂಕವನ್ನು ಸರಿಯಾಗಿ ತೋರಿಸಿದ ತಕ್ಕಡಿ ಎಚ್‌ಡಿಎಲ್ ವಿಷಯದಲ್ಲಿ ‘ಏನೂ ಇಲ್ಲ’ ಎಂದರೆ ಆ ಮಾತಿಗೆ ಬೆಲೆ ಬರುತ್ತದೆ.

ಹಲವು ರೂಪಾಂತರಗಳನ್ನು ಸೇರಿಸುವಾಗ

ಈಗ ಅಂತರ್ಜಾಲದಲ್ಲಿ ಸಿದ್ಧ ಅಂಕಿಅಂಶಗಳು ಸಿಗುತ್ತವೆ, `TwoSampleMR` ನಂಥ ಪ್ಯಾಕೇಜುಗಳೂ ಇವೆ. ಹತ್ತು ಸಾಲು ಬರೆದರೆ ಫಲಿತಾಂಶ ಬರುತ್ತದೆ. ಅಪಾಯವೂ ಅಲ್ಲೇ.

ನಾನೇ ಎರಡು ದಿನ ಒದ್ದಾಡಿದ ತಪ್ಪೊಂದನ್ನು ಹೇಳುತ್ತೇನೆ. ಒಂದು ಕಡತ ಡಿಎನ್‌ಎಯ ‘ಟಿ’ ಅಕ್ಷರದ ರೂಪವನ್ನು ಎಣಿಸಿತ್ತು, ಇನ್ನೊಂದು ಅದೇ ಜಾಗದ ‘ಸಿ’ ರೂಪವನ್ನು. ಚಿಹ್ನೆ ತಿರುಗಿಸದೆ ಭಾಗಿಸಿದ್ದರಿಂದ ರೋಗ ತರುವುದು ರೋಗ ತಡೆಯುವುದಾಗಿ ಕಂಡಿತು. ಎರಡೂ ಕಡತಗಳಲ್ಲಿ ಪರಿಣಾಮವನ್ನು ಯಾವ ರೂಪಕ್ಕೆ ಹೇಳಿದೆ ಎಂದು ಸಾಲುಸಾಲಾಗಿ ಹೊಂದಿಸಬೇಕು. ರೂಪಗಳು ಎ ಮತ್ತು ಟಿ, ಅಥವಾ ಸಿ ಮತ್ತು ಜಿ ಆಗಿದ್ದರೆ ಇನ್ನೂ ಕಷ್ಟ. ಡಿಎನ್‌ಎಯ ಒಂದು ಎಳೆಯ ಎ, ಎದುರೆಳೆಯಲ್ಲಿ ಟಿ ಎಂದೇ ಓದಿಕೊಳ್ಳುತ್ತದೆ. ಯಾವ ಎಳೆಯಿಂದ ಎಣಿಸಿದರೆಂದು ಅಕ್ಷರ ನೋಡಿ ಹೇಳಲಾಗದು. ಆಗ ಎರಡೂ ಕಡತಗಳಲ್ಲಿ ಆ ರೂಪ ಶೇಕಡ ಎಷ್ಟು ಜನರಲ್ಲಿದೆ ಎಂದು ಹೋಲಿಸಿ. ಎರಡೂ ರೂಪ ಅರ್ಧರ್ಧ ಇದ್ದರೆ ಆ ರೂಪಾಂತರವನ್ನೇ ಕೈಬಿಡಿ.

ಕೂಡಿಸುವ ಸಾಮಾನ್ಯ ವಿಧಾನವು ಪ್ರತಿ ರೂಪಾಂತರದ ಅನುಪಾತಕ್ಕೂ ಅದರ ನಿಖರತೆಯಷ್ಟು ತೂಕ ಕೊಟ್ಟು ಸರಾಸರಿ ತೆಗೆಯುತ್ತದೆ. ಇದರಲ್ಲಿ ಹಿತ್ತಲ ಬಾಗಿಲು ಇದೆಯೇ ಎಂದು ತಿಳಿಯಲು ಒಂದು ಚಿತ್ರ ಬರೆಯಿರಿ. ಅಡ್ಡಕ್ಕೆ ಎಚ್‌ಡಿಎಲ್ ಮೇಲಿನ ಪರಿಣಾಮ, ಉದ್ದಕ್ಕೆ ರೋಗದ ಮೇಲಿನ ಪರಿಣಾಮ, ಪ್ರತಿ ರೂಪಾಂತರಕ್ಕೂ ಒಂದು ಚುಕ್ಕೆ. ಷರತ್ತುಗಳು ಸರಿಯಿದ್ದರೆ ಚುಕ್ಕೆಗಳು ಮೂಲಬಿಂದುವಿನಿಂದ ಹೊರಟ ಒಂದೇ ಗೆರೆಯ ಸುತ್ತ ಕೂರುತ್ತವೆ. ಗೆರೆ ಮೂಲಬಿಂದುವನ್ನು ಬಿಟ್ಟು ಮೇಲೆಯೋ ಕೆಳಗೋ ಹೊರಟರೆ, ಎಚ್‌ಡಿಎಲ್ ಬದಲಿಸದ ಜೀನ್ ಕೂಡ ರೋಗವನ್ನು ಬದಲಿಸುತ್ತದೆ ಎಂದಾಯಿತು. ಎಗ್ಗರ್ ವಿಧಾನ ಅಳೆಯುವುದು ಅದನ್ನೇ. ತೂಕದ ಮಧ್ಯಾಂಕ ವಿಧಾನವು ಅರ್ಧಕ್ಕಿಂತ ಹೆಚ್ಚು ತೂಕದ ಸಾಧನಗಳು ಸರಿಯಿದ್ದರೆ ಸಾಕೆಂದು ನಂಬಿ ನಡೆಯುತ್ತದೆ. ಮೂರೂ ಒಂದೇ ದಿಕ್ಕು ತೋರಿಸಿದರೆ ಧೈರ್ಯ ಬರುತ್ತದೆ. ಒಂದು ವಿಧಾನ ಒಪ್ಪಿ ಇನ್ನೆರಡು ಒಪ್ಪದಿದ್ದಾಗ, ಒಪ್ಪಿದ್ದನ್ನಷ್ಟೇ ಶೀರ್ಷಿಕೆಗೆ ಹಾಕುವ ಚಾಳಿ ಕೆಲವು ಪ್ರಬಂಧಗಳಲ್ಲಿದೆ.

ಚುಕ್ಕೆಗಳಲ್ಲಿ ಒಂದೆರಡು ಗುಂಪಿನಿಂದ ದೂರ ನಿಂತಿದ್ದರೆ ಅಳಿಸುವ ಮೊದಲು ಅವು ಯಾವ ಜೀನ್‌ಗಳು ಎಂದು ನೋಡಿ. ಹೆಚ್ಚಾಗಿ ಅವೇ ಟ್ರೈಗ್ಲಿಸರೈಡನ್ನೂ ಬದಲಿಸುವಂಥವಾಗಿರುತ್ತವೆ.

ಉತ್ತರ ಏನನ್ನು ಹೇಳುವುದಿಲ್ಲ

ಜೀನಿನ ಪರಿಣಾಮ ಹುಟ್ಟಿನಿಂದ ಇರುತ್ತದೆ. ಎಲ್‌ಡಿಎಲ್‌ಗೆ ಜೀನ್ ಲೆಕ್ಕದಲ್ಲಿ 2.13 ಬಂದರೆ ಹಿಂಬಾಲಿಸಿದ ಅಧ್ಯಯನದಲ್ಲಿ 1.54 ಬಂದಿತ್ತು. ಐವತ್ತು ವರ್ಷ ರಕ್ತನಾಳವನ್ನು ನೆನೆಸಿದ ಎಲ್‌ಡಿಎಲ್ ಹೆಚ್ಚು ಹಾನಿ ಮಾಡುವುದು ಸಹಜ. ಆದ್ದರಿಂದ ಐದು ವರ್ಷ ಗುಳಿಗೆ ನುಂಗಿದರೆ ಜೀನ್ ಹೇಳಿದಷ್ಟೇ ಲಾಭ ಸಿಗುತ್ತದೆಂದು ಲೆಕ್ಕ ಹಾಕಬೇಡಿ.

ಎಚ್‌ಡಿಎಲ್ ವಿಷಯದಲ್ಲಿ ಈ ಲೆಕ್ಕ ಪರೀಕ್ಷಿಸಿದ್ದು ರಕ್ತದಲ್ಲಿ ಅಳೆಯುವ ಕೊಲೆಸ್ಟರಾಲ್ ಪ್ರಮಾಣವನ್ನು ಮಾತ್ರ. ಎಚ್‌ಡಿಎಲ್ ಕಣ ರಕ್ತನಾಳದಿಂದ ಕೊಬ್ಬನ್ನು ಎಷ್ಟು ಚೆನ್ನಾಗಿ ಎತ್ತಿ ಸಾಗಿಸುತ್ತದೆ ಎನ್ನುವುದು ಬೇರೆಯೇ ಪ್ರಶ್ನೆ. ಯಕೃತ್ತು ಎಚ್‌ಡಿಎಲ್‌ನ ಕೊಲೆಸ್ಟರಾಲನ್ನು ಇಳಿಸಿಕೊಳ್ಳುವ ಬಾಗಿಲು ಎಸ್‌ಸಿಎಆರ್‌ಬಿ1 ಎಂಬ ಜೀನಿನದು. ಆ ಬಾಗಿಲು ಕೆಟ್ಟ ಅಪರೂಪದ ಜನರಲ್ಲಿ ಎಚ್‌ಡಿಎಲ್ ಬಹಳ ಹೆಚ್ಚಿದ್ದೂ ಹೃದಯರೋಗದ ಅಪಾಯ ಹೆಚ್ಚೇ ಇತ್ತು ಎಂದು 2016ರಲ್ಲಿ ತಿಳಿಯಿತು. ಸಾಮಾನು ತುಂಬಿದ ಲಾರಿಗಳು ಗೋದಾಮಿನ ಮುಂದೆ ಸಾಲುಗಟ್ಟಿ ನಿಂತಿದ್ದರೆ ರಸ್ತೆಯಲ್ಲಿ ಲಾರಿ ಹೆಚ್ಚು ಕಾಣುತ್ತದೆ, ಸಾಮಾನು ಇಳಿದಿರುವುದಿಲ್ಲ.

ನನ್ನ 34 ಹಾಗೆಯೇ ಇದೆ. ವೈದ್ಯರು ಅದನ್ನು ಹೃದಯಾಘಾತದ ಅಪಾಯವನ್ನು ಅಂದಾಜು ಮಾಡಲು ಈಗಲೂ ಬಳಸುತ್ತಾರೆ. ಕಾರಣವಲ್ಲದ್ದೂ ಮುನ್ಸೂಚನೆ ಕೊಡಬಲ್ಲದು. ಆದರೆ ಅವರು ಔಷಧದ ಚೀಟಿ ಬರೆದದ್ದು ಎಲ್‌ಡಿಎಲ್ ಇಳಿಸುವ ಗುಳಿಗೆಗೆ, ಎಚ್‌ಡಿಎಲ್ ಏರಿಸುವುದಕ್ಕಲ್ಲ.